ಮೇಜಿನ ಮೇಲೆ ಮಡಚಿದ ಮೊಣಕೈ

ಮೂವತ್ತೈದು ವರ್ಷ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸಿದೆ. ಬದುಕಿದ್ದ ಒಬ್ಬ ಪೇಷಂಟಿಗೂ ಗುಳಿಗೆ ಬರೆದುಕೊಟ್ಟವಳಲ್ಲ. ರಿಟೈರ್ ಆಗಿ ಸುರಪುರದ ರಂಗಂಪೇಟೆಗೆ ಬಂದ ಮೇಲೆ ಓಣಿಯವರೆಲ್ಲ ‘ಡಾಕ್ಟರಮ್ಮ’, ‘ಬಾಯಾರು’ ಅನ್ನತೊಡಗಿದರು. ನನ್ನ ಮನೆಯ ಬೆನ್ನಿಗಿರುವ ಹಿಂದಿನ ಮನೆಯಲ್ಲಿ ಅತ್ತೆ, ಸೊಸೆ. ಆ ಅತ್ತೆ ಮಾತ್ರ ಮುಖದ ಮೇಲೇ ಅಂದಳು: “ನಮ್ಮ ಬಾಯಾರು ಹೆಣದ ಡಾಕ್ಟ್ರು. ಇಷ್ಟು ವರ್ಷದಾಗ ಒಬ್ಬ ಪೇಷಂಟೂ ತಕರಾರು ಮಾಡಿಲ್ಲ ನೋಡ್ರಿ!” ನಾನೂ ನಕ್ಕೆ.

ಆಕೆಯ ಸೊಸೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುವವಳು. ಬೆಳಿಗ್ಗೆ ನನ್ನ ಕಾಫಿ ಮುಗಿಯುವುದರೊಳಗೆ ಆ ಬಡಿತ ಶುರುವಾಗಿರುತ್ತಿತ್ತು. ಹೋದ ವರ್ಷ ಶಹಾಪುರದಿಂದ ಗಂಡನ ಬೈಕಿನ ಹಿಂದೆ ಕೂತು ಬರುವಾಗ ಬಿದ್ದಳು. ಬಲಭುಜ ನೆಲಕ್ಕೆ ಬಡಿಯಿತು, ತಲೆ ಎಡಕ್ಕೆ ಹೊರಳಿತು. ಎಕ್ಸ್‌ರೇಯಲ್ಲಿ ಎಲುಬು ಮುರಿದಿರಲಿಲ್ಲವಾದ್ದರಿಂದ ಮನೆಯವರಿಗೆ ನಿರಾಳ. ಎರಡು ತಿಂಗಳಾದರೂ ತೋಳು ಏಳಲಿಲ್ಲ. ಆಗ ಅತ್ತೆ ಅವಳನ್ನು ಕರಕೊಂಡು ಬಂದಳು.

“ಬೆರಳೆಲ್ಲಾ ಆಡ್ತಾವ್ರಿ. ಖರೇ ಅಂದ್ರ ತುತ್ತು ಬಾಯಿತನಾ ಬರವಲ್ದು.”

ತೋಳು ಒಳಗೆ ತಿರುಗಿ ಜೋತುಬಿದ್ದಿತ್ತು. ಅಂಗೈ ಹಿಂದಕ್ಕೆ, ಯಾರಿಗೂ ಕಾಣದಂತೆ ಬಕ್ಷೀಸು ಇಸಿದುಕೊಳ್ಳುವವರ ಹಾಗೆ. ಟೆಕ್ಸ್ಟ್‌ಬುಕ್ ಪಿಕ್ಚರ್! ಕುತ್ತಿಗೆಯಿಂದ ತೋಳಿಗೆ ಹೊರಡುವ ನರದ ಐದು ಬೇರು, ಅವು ಕೂಡಿ ಮೂರು ಟ್ರಂಕ್, ಅಂದರೆ ಕಾಂಡ. ಇದನ್ನು ಬಣ್ಣದ ಚಾಕ್‌ಪೀಸಿನಲ್ಲಿ ಎಷ್ಟು ಸಲ ಬರೆದಿದ್ದೇನೋ. ಈಗ ಅದು ನನ್ನ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಕೂತು ನನ್ನ ಮುಖ ನೋಡುತ್ತಿತ್ತು.

ಬೆನ್ನ ಹಿಂದೆ ನಿಂತು, “ಎರಡೂ ಹೆಗಲಹಲಗಿ ಹಿಂದಕ್ಕ ಕೂಡಿಸು ತಂಗಿ,” ಅಂದೆ. ಕೂಡಿದವು. ಗೋಡೆಗೆ ಎರಡೂ ಕೈ ಊರಿಸಿ ತಳ್ಳಿಸಿದೆ, ಬಲಗೈಯನ್ನು ನಾನೇ ಎತ್ತಿ ಹಿಡಿದು. ಹಲಗೆ ರೆಕ್ಕೆಯ ಹಾಗೆ ಏಳಲಿಲ್ಲ. ಹಲಗೆಯನ್ನು ಹಿಂದಕ್ಕೆ ಎಳೆಯುವ, ಬೆನ್ನಿಗೆ ಒತ್ತಿಹಿಡಿಯುವ ಆ ಎರಡು ಸ್ನಾಯುಗಳಿಗೆ ಹೋಗುವ ನರಗಳು ಟ್ರಂಕ್ ಆಗುವ ಮೊದಲೇ ಬೇರಿನಿಂದ ಕವಲೊಡೆಯುತ್ತವೆ. ಅವು ಬದುಕಿವೆ ಅಂದರೆ ಬೇರು ಬೆನ್ನುಹುರಿಯಿಂದ ಕಿತ್ತು ಬಂದಿರಲಿಕ್ಕಿಲ್ಲ. ಕಣ್ಣು ನೋಡಿದೆ: ರೆಪ್ಪೆ ಜೋತಿಲ್ಲ, ಪಾಪೆ ಎರಡೂ ಸಮ. ಹಾಗಾದರೆ ಕಣ್ಣಿಗೆ ಹೋಗುವ ಎಳೆ ಹಾಯುವ ಕೆಳಗಿನ ಬೇರೂ ಗಟ್ಟಿ. ಮೊಣಕೈ ನೀಡಬಲ್ಲಳು, ಮಣಿಕಟ್ಟು ಎತ್ತಬಲ್ಲಳು, ಹಿಡಿತ ಬಿಗಿ. ಭುಜ ಎತ್ತುವುದು, ತೋಳು ಹೊರಗೆ ತಿರುಗಿಸುವುದು, ಮೊಣಕೈ ಮಡಚುವುದು ಮೂರೂ ಸೊನ್ನೆ. ಭುಜದ ಹೊರಮೈ, ಹೆಬ್ಬೆರಳು ಮರಗಟ್ಟಿದ್ದವು. ಕಾಲರ್‌ಬೋನಿನ ಮೇಲೆ ಬೆರಳಿನಿಂದ ಬಡಿದೆ. “ಅಯ್ಯ, ಹೆಬ್ಬಟ್ಟಿಗೆ ಕರಂಟ್ ಹೊಡೀತ್ರಿ!” ಅಂದಳು.

ಪೆಟ್ಟು ಬಿದ್ದದ್ದು ಕುತ್ತಿಗೆಯ ಐದನೆಯ, ಆರನೆಯ ನರ ಕೂಡಿದ ಮೇಲಿನ ಟ್ರಂಕಿಗೆ. ಬೇರಿನಿಂದ ಆಚೆ. ನನಗೆ ಒಂದು ಕ್ಷಣ ಖುಷಿಯೇ ಆಯಿತು, ನಾಚಿಕೆಯಿಲ್ಲದ ಮೇಷ್ಟ್ರ ಖುಷಿ.

“ಔಷಧ ಬರದು ಕೊಡ್ರಿ ಮತ್ತ,” ಅಂದಳು ಅತ್ತೆ.

“ಇದಕ್ಕ ಔಷಧ ಇಲ್ಲವ್ವಾ. ಹೈದರಾಬಾದಿಗೆ ಹೋಗ್ರಿ.”

ಹೋದರು. ಅಲ್ಲಿಯ ಸರ್ಜನ್ ಹೇಳಿ ಕಳಿಸಿದ್ದು ಇಷ್ಟು: ನರ ತಾನೇ ಚೇತರಿಸಿಕೊಳ್ಳಬಹುದು, ಬಿದ್ದ ದಿನದಿಂದ ನಾಲ್ಕನೇ ತಿಂಗಳಿಗೆ ಬನ್ನಿ. ಅಷ್ಟರಲ್ಲಿ ಮೊಣಕೈ ಮಡಚುವ ಬೈಸೆಪ್ಸ್ ಸ್ನಾಯುವಿಗೆ ಜೀವ ಬರದಿದ್ದರೆ ಆರು ತಿಂಗಳೊಳಗೆ ನರ್ವ್ ಟ್ರಾನ್ಸ್‌ಫರ್ ಮಾಡಬೇಕು. ಬದುಕಿರುವ ನರದ ಒಂದು ಎಳೆ ತೆಗೆದು ಸತ್ತ ನರಕ್ಕೆ ಹೊಲಿಯುವುದು. ತಡವಾದರೆ ನರ ಬಂದು ಮುಟ್ಟುವ ಹೊತ್ತಿಗೆ ಸ್ನಾಯು ಸೊರಗಿರುತ್ತದೆ.

ಅಷ್ಟರಲ್ಲಿ ಯಾದಗಿರಿಯಲ್ಲಿ ನಮ್ಮ ಅಕ್ಕ ಬಿದ್ದು ಸೊಂಟ ಮುರಿದುಕೊಂಡಳು. ಆರೈಕೆಗೆ ಹೋಗಿ ಮೂರು ತಿಂಗಳು ಅಲ್ಲೇ ಉಳಿದೆ. ಹೈದರಾಬಾದಿಗೆ ಹೋಗುವ ದಿನಕ್ಕೆ ಇನ್ನೊಂದು ವಾರ ಇತ್ತು, ವಾಟ್ಸ್ಯಾಪಿನಲ್ಲಿ ವಿಡಿಯೋ ಬಂತು. ಮೇಜಿನ ಮೇಲೆ ಸೊಸೆಯ ಕೈ. ಅತ್ತೆಯ ದನಿ, “ಮಡಚು, ಮಡಚು, ಬಾಯಾರಿಗೆ ತೋರ್ಸು.” ಮೊಣಕೈ ನಿಧಾನಕ್ಕೆ, ಮೇಜು ಒರೆಸುತ್ತಾ, ಅರ್ಧದಷ್ಟು ಮಡಚಿತು. ಹಿಂದೆ ಯಾರೋ ಚಪ್ಪಾಳೆ ಹೊಡೆದರು.

“ವೆರಿ ಗುಡ್! ಬಂತಲ್ಲ!” ಅಂತ ವಾಯ್ಸ್ ಮೆಸೇಜ್ ಕಳಿಸಿದೆ.

ಅವರು ಹೈದರಾಬಾದಿಗೆ ಹೋಗಲಿಲ್ಲ. ಬಾಯಾರೇ ಅಂದಮೇಲೆ ಯಾಕೆ?

ಏಳನೇ ತಿಂಗಳಲ್ಲಿ ಊರಿಗೆ ಬಂದೆ. ಹಿಂದಿನ ಮನೆಯಲ್ಲಿ ರೊಟ್ಟಿ ಬಡಿತ ಇನ್ನೂ ಶುರುವಾಗಿಲ್ಲ. ಹೋಗಿ ನೋಡಿದರೆ ಸೊಸೆ ಎಡಗೈಯಿಂದ ಊಟ ಮಾಡುತ್ತಿದ್ದಳು. ಮೇಜಿನ ಮೇಲಿನ ಆಟ ಮತ್ತೆ ಮಾಡಿ ತೋರಿಸಿದಳು. ಆಗ ಕಂಡಿತು: ಅಂಗೈ ಕೆಳಗೆ, ಮುಷ್ಟಿ ಬಿಗಿ. ತೋಳಿನ ಮೇಲೆ ಬೆರಳಿಟ್ಟೆ. ಬೈಸೆಪ್ಸ್ ಇರಬೇಕಾದಲ್ಲಿ ಒದ್ದೆ ಅರಿವೆಯಂಥ ಮೆತ್ತಗಿನದೇನೋ. ಮಡಚುತ್ತಿದ್ದದ್ದು ಬೈಸೆಪ್ಸ್ ಅಲ್ಲವೇ ಅಲ್ಲ. ಮೊಣಕೈಯ ಒಳಮಗ್ಗುಲಿನಿಂದ ಹೊರಡುವ ಮುಂಗೈ ಸ್ನಾಯುಗಳು ಮುಷ್ಟಿ ಬಿಗಿದಾಗ ಮೊಣಕೈಯನ್ನೂ ಒಂದಿಷ್ಟು ಎಳೆಯುತ್ತವೆ. ಭಾರ ಹೊರಲು ಮೇಜಿದ್ದರೆ ಅಷ್ಟು ಸಾಕು. ಕೈಯನ್ನು ಮೇಜಿನಿಂದ ಇಳಿಸಿ ಮಡಚು ಅಂದೆ. ಜೋತಾಡಿತು.

ವೈವಾದಲ್ಲಿ ಬರೀ ಕಣ್ಣಿನಿಂದ ನೋಡಿ ಉತ್ತರ ಹೇಳಿದ ಹುಡುಗರನ್ನು ನಾನು ಫೇಲ್ ಮಾಡುತ್ತಿದ್ದೆ. ಸ್ನಾಯು ಮುಟ್ಟದೆ ಹೇಳಬೇಡಿ ಅಂತ ಬಯ್ಯುತ್ತಿದ್ದೆ.

“ತಪ್ಪು ನಂದು,” ಅಂದೆ. “ನಾ ಗುಡ್ ಅನ್ನಬಾರದಿತ್ತು. ನಾಳೆನೇ ಹೋಗ್ರಿ.”

ಅತ್ತೆ ನನ್ನನ್ನೇ ದಿಟ್ಟಿಸಿದಳು. ಯಾವಾಗಲೂ ಬಾಯಿತುದಿಗೆ ಇರುವ ಚೇಷ್ಟೆ ಆವತ್ತು ಬರಲಿಲ್ಲ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. “ನಿಮಗೂ ಗೊತ್ತಾಗ್ಲಿಲ್ಲ ಅಂದ್ರ, ನಮಗ ಹೆಂಗ ಗೊತ್ತಾಗಬೇಕ್ರಿ,” ಅಂದಳು, ಅಷ್ಟೇ.

ಎಂಟನೇ ತಿಂಗಳಲ್ಲಿ ಆಪರೇಷನ್ ಆಯಿತು. ಹಿಂದಿನ ಸಂಜೆ ಸರ್ಜನ್ ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು, ನಾನೂ ಪಕ್ಕದಲ್ಲಿ ಕೂತಿದ್ದೆ. ಹೆಗಲು ಕುಣಿಸುವ ನರದ ಕೊನೆಯ ಕವಲು ಭುಜದ ಹಲಗೆಯ ಮೇಲಿನ ನರಕ್ಕೆ ಹೊಲಿಯುವುದು. ಮೊಣಕೈ ನೀಡುವ ಟ್ರೈಸೆಪ್ಸಿನ ನರದ ಒಂದು ಕವಲು ಭುಜ ಎತ್ತುವ ಡೆಲ್ಟಾಯ್ಡಿಗೆ. ಮುಂಗೈಗೆ, ಬೆರಳಿಗೆ ಇಳಿಯುವ ಅಲ್ನಾರ್ ನರದಿಂದ ಒಂದು ಎಳೆ ಬೈಸೆಪ್ಸಿಗೆ.

ಸೊಸೆ ಅದನ್ನೇ ಹಿಡಿದಳು. “ಇದ್ದ ಬೆರಳು ಹೋದ್ರ ಏನ್ರಿ ಸಾಹೇಬ್ರ? ಬೆರಳಾರ ಉಳದಾವ ನನಗ.”

“ಕರಂಟ್ ಕೊಟ್ಟು ನೋಡಿ, ಮಣಿಕಟ್ಟು ಬಗ್ಗಿಸೋ ಎಳೆ ಮಾತ್ರ ಆರಿಸ್ತೀವಮ್ಮ. ಬೆರಳಿಗೆ ಧಕ್ಕೆ ಆಗೋದು ಅಪರೂಪ,” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಮೇಡಂ, ನಾಲ್ಕನೇ ತಿಂಗಳಿಗೇ ಬಂದಿದ್ದರೆ ಇನ್ನೂ ಧೈರ್ಯವಾಗಿ ಹೇಳ್ತಿದ್ದೆ. ಈಗ ಪ್ರಾಮಿಸ್ ಮಾಡಲಾರೆ.”

ಸೊಸೆ ನನ್ನತ್ತ ನೋಡಿದಳು. “ಮಾಡಿಸ್ಕೋಬೇಕೇನ್ರಿ ಬಾಯಾರ?”

ನಾನು ಹೂಂ ಅಂದೆ. ಇನ್ನೊಮ್ಮೆ ನನ್ನ ಮಾತಿನ ಮೇಲೆ ಅವಳು ಹೊರಟಳು.

ಈಗ ಆಪರೇಷನ್ ಆಗಿ ಆರು ತಿಂಗಳು. ಬೆರಳಿಗೆ ಏನೂ ಆಗಿಲ್ಲ, ದೇವರು ದೊಡ್ಡವನು. ಹೊಲಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮುಷ್ಟಿ ಬಿಗಿದು ಜೊತೆಗೇ ಮೊಣಕೈ ಮಡಚಲು ಯತ್ನಿಸಬೇಕು. ಮುಷ್ಟಿಯ ನರವೇ ಇನ್ನು ಮೇಲೆ ಬೈಸೆಪ್ಸನ್ನೂ ಎಬ್ಬಿಸಬೇಕಲ್ಲ. ದಿನಾ ಮಧ್ಯಾಹ್ನ ಬಂದು ನನ್ನೆದುರು ಮಾಡುತ್ತಾಳೆ. ಅತ್ತೆ ಎಡಗಡೆ ಕೂತು ಎಣಿಸುತ್ತಾಳೆ.

ಮೊನ್ನೆ ಎಣಿಕೆ ಇಪ್ಪತ್ತಕ್ಕೆ ಬಂದಾಗ ಅವಳು ತಟ್ಟನೆ ನಿಂತಳು. “ಒಳಗ ಏನೋ ಹರದಾಡಿದಂಗಾತ್ರಿ.”

ಮುಟ್ಟಿದೆ. ಎಪ್ಪತ್ತಾರರ ಬೆರಳು, ತಾನೇ ನಡುಗುತ್ತದೆ. ಕಣ್ಣು ಮುಚ್ಚಿದೆ. “ಮತ್ತೊಮ್ಮೆ,” ಅಂದೆ. ಮತ್ತೊಮ್ಮೆ ಬಿಗಿದಳು. ಸ್ನಾಯುವಿನ ಮಿಡುಕೋ, ನನ್ನ ನಡುಕವೋ, ಬೇರೆ ಮಾಡಲು ಆಗಲಿಲ್ಲ.

“ಏನಂತೀರಿ?”

“ಗೊತ್ತಾಗವಲ್ದು ತಂಗಿ.”

ಅತ್ತೆ ಎದ್ದು ನಿಂತಳು. “ಇಲ್ಲ ಅಂತೂ ಅನ್ನಲಿಲ್ಲಲ್ಲ. ಎಣಸ್ತೀನಿ, ಮುಷ್ಟಿ ಹಿಡಿ,” ಅಂದು ಒಂದರಿಂದ ಶುರು ಮಾಡಿದಳು.