ಕಾವೇರಿ ಬೀದಿ ಎಲ್ಲಿದೆ?

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷ ಹಲಸೂರಿನ ನಮ್ಮ ಕನ್ನಡ ಸಂಘದ ಮೊದಲ ಮೆರವಣಿಗೆ. ಅಧ್ಯಕ್ಷರು ನಿವೃತ್ತ ಕನ್ನಡ ಮೇಷ್ಟ್ರು. ಕಾರ್ಯದರ್ಶಿ, ಅಂದರೆ ಓಡಾಡಿ ಬೈಸಿಕೊಳ್ಳುವವನು, ನಾನು. ತಾಯಿ ಭುವನೇಶ್ವರಿ ಒಂದು ಸಲವಾದರೂ ಈ ಕಂಟೋನ್ಮೆಂಟಿನ ಬೀದಿಗಳಲ್ಲಿ ಹೋಗಬೇಕು, ತಾವು ಮುಂದೆ ನಡೆಯಬೇಕು ಎನ್ನುವುದು ಮೇಷ್ಟ್ರ ಬಹುಕಾಲದ ಆಸೆ. ಡೊಳ್ಳಿನವರಿಗೆ ವೀಳ್ಯ ಕೊಟ್ಟಾಗಿತ್ತು. ಪೊಲೀಸರ ಅನುಮತಿಯೊಂದು ಬಾಕಿ.

ಡೆಪ್ಯುಟಿ ಪೊಲೀಸ್ ಕಮಿಷನರ್ ಸಾಹೇಬರಿಗೆ ಅರ್ಜಿಯನ್ನು ಮೇಷ್ಟ್ರೇ ಬರೆದರು. ಹೊರಡುವ ಹೊತ್ತು, ಮುಗಿಯುವ ಹೊತ್ತು, ಸ್ವಯಂಸೇವಕರ ಹೆಸರು ವಿಳಾಸ ಎಲ್ಲ ಸರಿಯಾಗಿತ್ತು. ಆದರೆ ಮಾರ್ಗ? ಶಿವ ಶಿವಾ! ಇಂಗ್ಲಿಷ್ ಹೆಸರು ಬರೆದರೆ ಮೈಲಿಗೆಯೆಂದು ಮರ್ಫಿ ರೋಡನ್ನು ಕಾವೇರಿ ಬೀದಿ ಮಾಡಿದ್ದರು, ಓಲ್ಡ್ ಮದ್ರಾಸ್ ರೋಡನ್ನು ಭುವನೇಶ್ವರಿ ರಾಜಬೀದಿ. ಹೆಸರಿಟ್ಟವರೂ ಅವರೇ, ಒಪ್ಪಿದವರೂ ಅವರೇ.

ಅರ್ಜಿ ವರದಿಗೆಂದು ಠಾಣೆಗೆ ಬಂತು. ಇನ್‌ಸ್ಪೆಕ್ಟರ್ ನನ್ನನ್ನು ಕರೆಸಿದರು.

“ಕಾವೇರಿ ಬೀದಿ ಎಲ್ರೀ ಬರುತ್ತೆ? ನಮ್ಮ ಲಿಮಿಟ್ಸ್‌ನಲ್ಲಿ ಅಂಥದ್ದಿಲ್ಲ. ಬಂದೋಬಸ್ತಿಗೆ ಜನಾನ ಎಲ್ಲಿ ನಿಲ್ಲಿಸ್ಲಿ, ನಿಮ್ಮ ಮೇಷ್ಟ್ರ ತಲೆ ಮೇಲಾ?”

ಬಂದು ಹೇಳಿದರೆ ಮೇಷ್ಟ್ರು ಹರಿಹಾಯ್ದರು. “ರಾಜ್ಯದ ಹೆಸರೇ ಬದಲಾಗ್ಬಹುದಂತೆ, ಬೀದಿ ಹೆಸರು ಬದಲಾಗಬಾರದೇನಯ್ಯಾ?”

“ಮೇಷ್ಟ್ರೇ, ರಾಜ್ಯದ್ದು ಸರ್ಕಾರ ಮಾಡ್ತು. ಬೀದಿದು ನೀವು ಮಾಡಿದ್ದು!”

ಮತ್ತೆ ಠಾಣೆ, ಮತ್ತೆ ಮೇಷ್ಟ್ರ ಮನೆ. ಫ್ಯಾಕ್ಟರಿಯಲ್ಲಿ ರಜೆ ಕೇಳಿ ಕೇಳಿ ಫೋರ್‌ಮನ್ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದ. ಈ ಕನ್ನಡ ಸೇವೆ ಯಾರಿಗೂ ಬೇಡಪ್ಪಾ ಅನ್ನಿಸಿಬಿಟ್ಟಿತ್ತು. ಕೊನೆಗೆ ಮೇಷ್ಟ್ರನ್ನೇ ಡೆಪ್ಯುಟಿ ಕಮಿಷನರ್ ಸಾಹೇಬರ ಮುಂದೆ ಕೂರಿಸಿದೆ. ಸಾಹೇಬರು ತಾಳ್ಮೆಯಿಂದಲೇ ಹೇಳಿದರು, “ನಿಮ್ಮ ಭಾವನೆ ಅರ್ಥ ಆಗುತ್ತೆ ಮಾಸ್ಟರ್. ಆದ್ರೆ ಆರ್ಡರ್ ಓದಿ ನಿಲ್ಲೋನು ಕಾನ್‌ಸ್ಟೇಬಲ್. ಅವನಿಗೆ ಗೊತ್ತಿರೋ ಹೆಸರು ಕೊಡಿ, ಇವತ್ತೇ ಸೈನ್ ಮಾಡ್ತೀನಿ. ಇಲ್ದಿದ್ರೆ ಮೆರವಣಿಗೆ ಇಲ್ಲ.”

ಮೇಷ್ಟ್ರು ಪೆನ್ನು ತೆಗೆದು ತಾವೇ ಕಾವೇರಿ ಬೀದಿಯನ್ನು ಹೊಡೆದು ಹಾಕಿ ‘ಮರ್ಫಿ ರೋಡ್’ ಎಂದು ಬರೆದರು. ಭುವನೇಶ್ವರಿ ರಾಜಬೀದಿಗೂ ಅದೇ ಗತಿಯಾಯಿತು. ಅಷ್ಟು ದಿನದ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಅನುಮತಿ ಬಂತು. ರಸ್ತೆಯ ಎಡಬದಿಯಲ್ಲೇ ಹೋಗಬೇಕು, ಎಲ್ಲೂ ನಿಲ್ಲಬಾರದು, ಸ್ವಯಂಸೇವಕರಿಗೆ ಬ್ಯಾಡ್ಜ್ ಇರಬೇಕು, ಮೈಕ್ ಕೂಡದು. ಮೈಕ್ ಯಾರಿಗೆ ಬೇಕಿತ್ತು? ತಾಯಿಯ ಪಟದ ಲಾರಿಯ ಮುಂದೆ ನಡೆಯುತ್ತ ಮೇಷ್ಟ್ರು ಮರ್ಫಿ ರೋಡಿನ ಪ್ರತಿ ತಿರುವಿನಲ್ಲೂ ತರಗತಿಯ ದನಿ ಎತ್ತಿ, “ಇದು ಕಾವೇರಿ ಬೀದಿ!” ಎಂದು ಕೂಗುತ್ತಿದ್ದರು. ನಾನು ಹಣೆ ಚಚ್ಚಿಕೊಂಡೆ. ಆರ್ಡರ್ ಹಿಡಿದು ಜೊತೆಗೇ ಬರುತ್ತಿದ್ದ ಕಾನ್‌ಸ್ಟೇಬಲ್ ಅವರನ್ನೊಮ್ಮೆ, ಕಾಗದವನ್ನೊಮ್ಮೆ ನೋಡುತ್ತಿದ್ದ.

ಅಷ್ಟರಲ್ಲಿ ಎದುರಿಗೆ ಬಸ್ಸೊಂದು ನುಗ್ಗಿತು. ಕಾನ್‌ಸ್ಟೇಬಲ್ ಓಡಿಹೋಗಿ ಕೈ ಅಡ್ಡ ಹಿಡಿದ.

“ಏಯ್, ನಿಲ್ಸಯ್ಯಾ! ಕಾವೇರಿ ಬೀದಿಲಿ ಮೆರವಣಿಗೆ ಬರ್ತಿರೋದು ಕಾಣ್ಸಲ್ವಾ?”

ಮೇಷ್ಟ್ರು ಎಲ್ಲೂ ನಿಲ್ಲಬಾರದೆಂಬ ಷರತ್ತನ್ನು ಮರೆತು ನಡುರಸ್ತೆಯಲ್ಲೇ ನಿಂತುಬಿಟ್ಟರು.