ಹೆಸರು ಕೇಳದೆ ಕೊಟ್ಟ ಇಂಜೆಕ್ಷನ್

ನನ್ನ ನರ್ಸಿಂಗ್ ಪ್ರಾಯೋಗಿಕ ಪರೀಕ್ಷೆ ಮರುದಿನವಿತ್ತು. ಈ ಸಲವೂ ಫೇಲಾದರೆ ಓದು ಬಿಟ್ಟು ಜೀನ್ಸ್ ಯೂನಿಟ್ಟಿನಲ್ಲಿ ದಾರ ಕತ್ತರಿಸಲು ಕೂರಬೇಕೆಂದು ಮನೆಯಲ್ಲಿ ಹೇಳಿದ್ದರು. ರಾಯದುರ್ಗದ ಗೆಳತಿಯ ಮನೆಯಲ್ಲಿ ಐದು ನಿಮಿಷದಲ್ಲಿ ರೋಗಿಗೆ ಇಂಜೆಕ್ಷನ್ ಕೊಟ್ಟು ತೋರಿಸಬೇಕಾದ 'ಇಂಜೆಕ್ಷನ್ ಸ್ಟೇಷನ್ನಿ'ನ ಅಭ್ಯಾಸ ನಡೆದಿತ್ತು. ರೋಗಿಯಾಗಿ ಮಲಗುತ್ತಿದ್ದವಳು ಅವಳೇ. ಸೂಜಿ ಮಾತ್ರ ಪಕ್ಕದಲ್ಲಿಟ್ಟ ಚಿಂದಿಬಟ್ಟೆಯ ದಿಂಬಿಗೆ.

"ಮತ್ತ ಹೆಸರು ಕೇಳ್ಲಿಲ್ಲ. ಕೇಳದ ಚುಚ್ಚಿದ್ರ ಪರೀಕ್ಷ್ಯಾಗ ಸೊನ್ನೆ," ಎಂದಳು.

"ದಿನಾ ನೋಡೋ ಮುಖಕ್ಕ ಏನಂತ ಕೇಳ್ಲೆ?"

"ನಾಳೆ ನಾನೇನ್ ಬಂದು ಮಲಗ್ತೀನಾ?"

ಊಟದ ಬಿಡುವಿನಲ್ಲಿದ್ದ ಪಕ್ಕದ ಜೀನ್ಸ್ ಯೂನಿಟ್ಟಿನ ಹೆಂಗಸನ್ನು ಅವಳು ಕರೆತಂದು ಮಲಗಿಸಿದಳು, ಅವರ ಆಧಾರ್ ನೋಡಿ ಕೇಸ್ ಶೀಟ್ ಬರೆದಿಟ್ಟು ಫೋನಿನಲ್ಲಿ ಐದು ನಿಮಿಷದ ಟೈಮರ್ ಒತ್ತಿದಳು. ನಾನು ಕೈ ತೊಳೆದೆ, ಹೆಸರು ಕೇಳಿದೆ, ಸಿರಿಂಜಿಗೆ ಔಷಧಿ ಎಳೆದುಕೊಂಡು ದಿಂಬಿಗೆ ಚುಚ್ಚಿದೆ.

"ಇದೂ ಸೊನ್ನೆ. ಅವರು ಹೇಳಿದ ಹೆಸರು ಬ್ಯಾರೆ, ಶೀಟ್‌ನಾಗ ಇರೋದು ಬ್ಯಾರೆ."

"ಎರಡೂ ನಾನೇ ಕಣವ್ವಾ," ಎಂದಳು ಹೆಂಗಸು. "ನಾ ಹೇಳಿದ್ದು ಓಣ್ಯಾಗ ಕರೆಯೋದು, ಶೀಟ್‌ನಾಗಿಂದು ಆಧಾರ್‌ದಾಗ ಇರೋದು. ಲಗು ಮುಗಸ್ರಿ, ಮೇಸ್ತ್ರಿ ಬೈತಾನ."

ನನಗೆ ಕಣ್ಣೀರು ಉಕ್ಕಿತು. ಹೆಸರು ಕೇಳಿದ್ದೇನೋ ನಿಜ, ಶೀಟಿನೊಂದಿಗೆ ಹೋಲಿಸಿ ನೋಡಿರಲಿಲ್ಲ.

ಮತ್ತೆ ಟೈಮರ್ ಒತ್ತಿಸಿ ಮೊದಲಿನಿಂದ ಶುರು ಮಾಡಿದೆ. ಹೆಸರಿಗೆ ಬಂದಾಗ ಟ್ರೇ ಕೆಳಗಿಟ್ಟು, "ಹೆಸರು ಹೊಂದುತ್ತಿಲ್ಲ. ಇಂಜೆಕ್ಷನ್ ಕೊಡುವುದಿಲ್ಲ, ಸಿಸ್ಟರ್‌ಗೆ ತಿಳಿಸುತ್ತೇನೆ," ಎಂದು ಜೋರಾಗಿ ಹೇಳಿದೆ.

ಗೆಳತಿ ಅಂಕ ಹಾಕುವ ಚೆಕ್‌ಲಿಸ್ಟಿನ ಮೇಲೆ ಪೆನ್ನು ಹಿಡಿದು ಕುಳಿತೇ ಇದ್ದಳು. ಇಂಜೆಕ್ಷನ್ ಕೊಡದೆ ನಿಲ್ಲಿಸಿದವಳಿಗೆ ಗುರುತು ಹಾಕಲು ಅದರಲ್ಲಿ ಜಾಗವೇ ಇರಲಿಲ್ಲ.

"ಪಾಸಾ?" ಎಂದು ಕೇಳಿದೆ.

"ನಂಗೂ ಗೊತ್ತಿಲ್ಲ," ಎಂದಳು.