ಧೂಳಿನಲ್ಲಿ ಉರುಳಿದ ಹನಿ

ಆಗಿನ್ನೂ ಜಯನಗರದ ನಮ್ಮ ರಸ್ತೆಗೆ ಟಾರು ಬಿದ್ದಿರಲಿಲ್ಲ. ಶಾಲೆಯ ಪತ್ರಿಕೆಗೆಂದು ನಿಮ್ಮಮ್ಮ ಮೊದಲ ಮಳೆಗೆ ನವಿಲು ಕುಣಿಯಿತೆಂದು ಬರೆದ ಪದ್ಯವನ್ನು ಮೇಷ್ಟ್ರು ಹಿಂದಿರುಗಿಸಿದ್ದರು.

“ನವಿಲು ಎಲ್ಲಿ ನೋಡ್ದೆ? ಕಂಡಿದ್ದು ಬರಿ. ನಾಳೆನೇ ಕೊನೆ ದಿನ” ಎಂದಿದ್ದರಂತೆ.

ಅವಳು ಅಳುತ್ತಿರುವಾಗಲೇ ಆ ವರ್ಷದ ಮೊದಲ ಮಳೆ ಬಂತು. ಇಬ್ಬರೂ ಬಾಗಿಲಲ್ಲಿ ಕುಳಿತು ನೋಡಿದೆವು.

“ಅಮ್ಮಾ, ಹನಿ ಇಂಗ್ತಾನೇ ಇಲ್ಲ, ಉರುಳ್ತಿದೆ!”

ಸಾಲಿಗೆ ನಾಲ್ಕು ಚಪ್ಪಾಳೆ ತಟ್ಟುತ್ತಾ, ತಾಳಕ್ಕೆ ಕೂಡದ ಪದಗಳನ್ನು ಬಿಡುತ್ತಾ ಬರೆದೆವು:

ಮೊದಲ ಮಳೆಯ ಹನಿಯು ಬಿತ್ತು
ಧೂಳಿನಲ್ಲಿ ಉರುಳುತಿತ್ತು
ರಾಗಿ ಕಾಳಿನಂತೆ ಆಯ್ತು
ಮುಟ್ಟಿದೊಡನೆ ಒಡೆದು ಹೋಯ್ತು

ಮೇಷ್ಟ್ರು ಓದಿ, “ಒಡೆದಾಗ ಒಳಗೇನಿತ್ತಮ್ಮ?” ಎಂದರಂತೆ.

“ನೀರೇ ಸಾರ್. ಧೂಳಿನ ಅಂಗಿ ಹಾಕ್ಕೊಂಡಿತ್ತು.”

“ಸರಿ, ಅಚ್ಚಿಗೆ ಕೊಡ್ತೀನಿ. ಮುಂದಿನ ವರ್ಷ ನಾನೂ ಮುಟ್ಟಿ ನೋಡ್ಬೇಕು.”